ಎಂಬತ್ತರ ಕೆಳಗೆ

ಆಯುಧಪೂಜೆಗೆ ಹಾಕಿದ್ದ ಚೆಂಡುಹೂವಿನ ಹಾರಗಳು ಸೋಮವಾರದ ಹೊತ್ತಿಗೆ ಒಣಗಿ ಕಂದಾಗಿದ್ದವು. ವಿರೂಪಾಕ್ಷ ಯಂತ್ರಗಳ ಮೇಲಿಂದ ಅವನ್ನು ಒಂದೊಂದಾಗಿ ಬಿಚ್ಚಿ ರಟ್ಟಿನ ಡಬ್ಬಕ್ಕೆ ಹಾಕುತ್ತಿದ್ದ. ಗಾಳಿಕಿಂಡಿಗಳ ಮೇಲೆ ಕುಂಕುಮ ಉದುರಿತ್ತು. ಅದನ್ನು ಬ್ರಷ್ಷಿನಿಂದ ಗುಡಿಸಿ ತೆಗೆಯುವವರೆಗೆ ಸ್ವಿಚ್ ಹಾಕಬಾರದೆಂದು ಸರಳಾ ಹೇಳಿದ್ದಳು.

ಮಾಕಳಿಯ ಆ ಕಾರ್ಖಾನೆಯಲ್ಲಿ ಗಾಲಿಕುರ್ಚಿಗಳಿಗೆ ಲಿಥಿಯಂ ಬ್ಯಾಟರಿ ತಯಾರಾಗುತ್ತಿತ್ತು. ಪರೀಕ್ಷಾ ಕೊಠಡಿ ಸರಳಾಳ ಕೈಯಲ್ಲಿತ್ತು. ಸೆಲ್‌ಗಳನ್ನು ತುಂಬಿಸಿ, ಬರಿದು ಮಾಡಿ, ಮತ್ತೆ ತುಂಬಿಸುತ್ತ, ಪ್ರತಿ ಸುತ್ತಿಗೂ ಅವುಗಳಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆಂದು ಅಳೆಯುವ ಯಂತ್ರಗಳು ಅಲ್ಲಿ ವರ್ಷವಿಡೀ ನಡೆಯುತ್ತಿದ್ದವು. ನಿಲ್ಲುತ್ತಿದ್ದುದು ಹಬ್ಬಗಳಿಗೆ ಮಾತ್ರ. ಮಾಲೀಕ ಶಿವರಾಮ್ ಮೊದಲು ಲೇತ್ ವರ್ಕ್‌ಶಾಪ್ ಇಟ್ಟಿದ್ದವರು. ಪೂಜೆ ಮಾಡಿಸಿಕೊಂಡ ಯಂತ್ರ ಒಡನೆಯೇ ತಿರುಗಬಾರದು ಎಂಬ ಅವರ ತಂದೆಯ ಕಟ್ಟಳೆ ಲೇತ್‌ಗಳು ಹೋದ ಮೇಲೂ ಉಳಿದಿತ್ತು. ಹಾಗಾಗಿ ಗುರುವಾರ ಸೆಲ್‌ಗಳನ್ನು ಬರಿದು ಮಾಡಿ ನಿಲ್ಲಿಸಿದ ಯಂತ್ರಗಳು ಸೋಮವಾರ ಮತ್ತೆ ಕಣ್ಣು ಬಿಟ್ಟವು.

ಮಧ್ಯಾಹ್ನ ಮೊದಲ ಸುತ್ತು ಮುಗಿದಾಗ ವಿರೂಪಾಕ್ಷ ಕೂಗಿದ: "ಮೇಡಮ್ಮರ, ಏರ್ಯಾವ ನೋಡ್ರಿ! ಎಲ್ಲಾ ಏರ್ಯಾವ!"

ಪರದೆಯ ಮೇಲೆ ತಿಂಗಳುಗಳಿಂದ ಮೆಲ್ಲಗೆ ಇಳಿಯುತ್ತಿದ್ದ ಗೆರೆ ಕೊನೆಯಲ್ಲಿ ಸ್ವಲ್ಪ ಮೇಲೆದ್ದಿತ್ತು. ಹೊಸದರಲ್ಲಿ ಹಿಡಿಯುತ್ತಿದ್ದುದರ ನೂರಕ್ಕೆ ಎಂಬತ್ತಾರರ ಹತ್ತಿರ ಇದ್ದ ಸೆಲ್‌ಗಳು ಹೆಚ್ಚುಕಡಿಮೆ ಎಂಬತ್ತೆಂಟಕ್ಕೆ ಬಂದಿದ್ದವು.

ಶಿವರಾಮ್ ಕೆಳಗಿನಿಂದ ಮೇಲೆ ಬಂದು ನೋಡಿದರು. "ನೋಡಮ್ಮ, ನಾಲ್ಕು ದಿನ ಉಸಿರಾಡೋಕೆ ಬಿಟ್ರೆ ಮಿಷಿನ್ನೂ ಸುಧಾರಿಸ್ಕೊಳ್ಳತ್ತೆ. ನಮ್ಮಪ್ಪ ಸುಮ್ನೆ ಹೇಳ್ತಿರ್ಲಿಲ್ಲ."

"ನನ್ ಚೇರೂ ಸುಧಾರಿಸ್ಕೊಂಡಿದೆ ಸರ್," ಎಂದಳು ಸರಳಾ. "ಎಪ್ಪತ್ತೊಂಬತ್ತು ಇತ್ತು. ಬೆಳಿಗ್ಗೆ ನೋಡಿದ್ರೆ ಎಂಬತ್ತೊಂದು."

"ಅದಕ್ಕೆ ನಿಂಬೆಹಣ್ಣು ಇಟ್ಟಿದ್ಯೋ ಇಲ್ವೋ?"

"ನಾಲ್ಕು ಗಾಲಿಗೂ ಇಟ್ಟಿದ್ದೆ. ಅಮ್ಮ ಬಿಡ್ತಾರಾ?"

ಆ ಗಾಲಿಕುರ್ಚಿಯ ಬ್ಯಾಟರಿ ಪ್ಯಾಕ್ ಕಾರ್ಖಾನೆ ಮಾಡಿದ ಮೊಟ್ಟಮೊದಲನೆಯದು. ಎರಡನೇ ವಯಸ್ಸಿನಲ್ಲಿ ಪೋಲಿಯೊ ಸರಳಾಳ ಎರಡೂ ಕಾಲುಗಳ ಜೊತೆ ಬಲಗೈಯ ಕಸುವನ್ನೂ ಒಯ್ದಿತ್ತು. ಕೈಯಿಂದ ಗಾಲಿ ತಿರುಗಿಸುವುದು ಅವಳಿಂದಾಗದು. ಮೂವತ್ತೈದು ವರ್ಷ ಅವಳು ಎಲ್ಲಿಗೆ ಹೋಗುವುದಿದ್ದರೂ ಯಾರಾದರೂ ತಳ್ಳುವವರು ಬೇಕಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ ಅಮ್ಮ, ಆಮೇಲೆ ತಮ್ಮ ಸುಬ್ರಮಣಿ. ಹಿಂದಿನ ಭಾರದ ಸೀಸದ ಬ್ಯಾಟರಿಯ ಕುರ್ಚಿ ಸಂಜಯನಗರದ ಅವರ ಮನೆಯ ಗೇಟು ದಾಟಲೂ ಇಬ್ಬರು ಬೇಕಾಗುತ್ತಿತ್ತು. ಅದರ ಬ್ಯಾಟರಿ ಪೆಟ್ಟಿಗೆ ಕತ್ತರಿಸಿ ತೆಗೆದು, ಹಗುರವಾದ ಲಿಥಿಯಂ ಪ್ಯಾಕ್ ಕೂರಿಸಿದ ಮೇಲೆ ಅವಳು ಮೊದಲ ಸಲ ಒಬ್ಬಳೇ ರಸ್ತೆಗಿಳಿದಳು. ಈ ಜೂನ್‌ನಲ್ಲಿ ನಾಗಸಂದ್ರದಲ್ಲಿ ನೆಲಮಹಡಿಯ ಒಂದು ಕೋಣೆ ಬಾಡಿಗೆಗೆ ಹಿಡಿದು ಮನೆ ಬಿಟ್ಟಿದ್ದಳು. ಬೆಳಿಗ್ಗೆ ಸರ್ವಿಸ್ ರಸ್ತೆಯ ಅಂಚಿನಲ್ಲೇ ಮಾಕಳಿಗೆ; ಸಂಜೆ ವಾಪಸ್ಸು; ದಾರಿಯಲ್ಲಿ ಬೇಕೆನಿಸಿದರೆ ಗಾಡಿ ನಿಲ್ಲಿಸಿ ಸೊಪ್ಪು. ಬೇಕೆನಿಸದಿದ್ದರೆ ಇಲ್ಲ.

ಸುಬ್ರಮಣಿ ಈಗಲೂ ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಿದ್ದ: "ಏನ್ ಮಹಾರಾಣಿ, ರಥ ಕೈಕೊಟ್ಟಿಲ್ವಾ ಇನ್ನೂ?"

"ಕೊಟ್ಟಾಗ ನಿನ್ನೇ ಕರಿಯೋದು. ಕಾಯ್ತಾ ಇರು."

ಅಂಥದೇ ಪ್ಯಾಕ್‌ಗಳನ್ನು ಒಂದು ಟ್ರಸ್ಟ್ ತನ್ನ ಕುರ್ಚಿಗಳಿಗೆ ಹಾಕಿಸಿ, ನಗರದ ಉತ್ತರ ಭಾಗದಲ್ಲಿ ನಲವತ್ತು ಮಂದಿಗೆ ಕೊಟ್ಟಿತ್ತು. ಅವು ಇನ್ನೂ ಎಷ್ಟು ಕಾಲ ಬಾಳುತ್ತವೆ ಎಂದು ಡಿಸೆಂಬರಿನ ಸಭೆಗೆ ಮೊದಲು ವರದಿ ಬೇಕಾಗಿತ್ತು. ಇನ್ನೂ ಒಂದು ವರ್ಷವಾದರೂ ಬಾಳುತ್ತವೆ ಎಂದು ಬರೆದರೆ ಪ್ಯಾಕ್‌ಗಳು ಜನರ ಹತ್ತಿರವೇ ಉಳಿಯುತ್ತವೆ, ಸರಳಾಳದೂ ಸೇರಿ. ಇಲ್ಲವೆಂದರೆ ಎಲ್ಲವನ್ನೂ ವಾಪಸ್ ತರಿಸಬೇಕು. ಬದಲಿ ಸೆಲ್‌ಗಳು ಹಡಗಿನಲ್ಲಿ ಬಂದು, ಪರೀಕ್ಷೆ ಮುಗಿದು, ಪ್ಯಾಕ್ ಆಗುವುದು ಬೇಸಿಗೆಯ ಹೊತ್ತಿಗೆ.

ಆ ವಾರವೇ ಸರಳಾ ಗೆರೆ ಎಳೆದಳು. ಈವರೆಗಿನ ಚುಕ್ಕೆಗಳ ನಡುವೆ ಕಂಪ್ಯೂಟರ್ ಒಂದು ನೇರ ಗೆರೆಯನ್ನು ಕೂರಿಸಿ ಮುಂದಕ್ಕೆ ಚಾಚಿತು. ಕುರ್ಚಿ ಓಡಿಸಲು ಕೊನೆಯ ಮಿತಿಯೆಂದು ಅವಳು ಹಿಡಿದಿದ್ದ ಎಪ್ಪತ್ತನ್ನು ಅದು ಮುಟ್ಟುವುದು ಇನ್ನು ಇಪ್ಪತ್ತು ತಿಂಗಳಿಗೆ. ಹಬ್ಬದ ಮೊದಲು ಎಳೆದಾಗ ಹದಿನಾಲ್ಕು ಬಂದಿತ್ತು. ಅವಳಿಗೆ ಖುಷಿಯಾಯಿತು. ಇಪ್ಪತ್ತು ತಿಂಗಳೆಂದರೆ 2020ರ ಬೇಸಿಗೆ ಕಳೆದ ಮೇಲೆ. ಅಷ್ಟರಲ್ಲಿ ಹೊಸ ಪ್ಯಾಕ್ ಹೇಗೂ ಬಂದಿರುತ್ತದೆ.

ವರದಿಗೆ ಚಿತ್ರ ಜೋಡಿಸುತ್ತಿದ್ದ ವಿರೂಪಾಕ್ಷ ಕುರ್ಚಿ ತಿರುಗಿಸಿ ಕೇಳಿದ. ಕಲಬುರಗಿಯಲ್ಲಿ ಬಿ.ಇ. ಮುಗಿಸಿ ಬಂದು ಇಲ್ಲಿ ಅವನಿಗೆ ಎರಡನೇ ವರ್ಷ. "ಮೇಡಮ್ಮರ, ಒಂದ್ ಡೌಟ್ ಅದ ರೀ."

"ಕೇಳು."

"ಗಣೇಶನ ಹಬ್ಬಕ್ಕೂ ಗುರುವಾರದಿಂದ ಸೋಮವಾರದ ತನಕ ನಿಲ್ಲಿಸಿದ್ವಿ. ಬರಿದ್ ಮಾಡೇ ನಿಲ್ಲಿಸಿದ್ವಿ. ಎ.ಸಿ. ಅದೇ, ಟೆಂಪರೇಚರ್ ಅದೇ. ಆವಾಗ ಅರ್ಧ ಪರ್ಸೆಂಟ್ ಏರಿತ್ತು. ಈ ಸರ್ತಿ ಎರಡು. ದೇವಿ ಮುಂದ ಗಣಪ್ಪ ಇಷ್ಟ್ ಸಣ್ಣಾವ ಏನ್ರೀ?"

ಸರಳಾ ನಕ್ಕಳು. ನಗುತ್ತಲೇ ಎರಡು ಉಬ್ಬುಗಳನ್ನೂ ಪಕ್ಕಪಕ್ಕಕ್ಕೆ ತಂದು ನೋಡಿದಳು. ಆಮೇಲೆ ನಗು ನಿಂತಿತು.

ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಸೆಲ್‌ನ ಒಂದು ಬದಿಯಿಂದ ಹೊರಟು ಇನ್ನೊಂದು ಬದಿಯ ಗ್ರಾಫೈಟಿನ ಪದರಗಳೊಳಗೆ ಹೋಗಿ ಕೂರುತ್ತವೆ. ಬಸ್ಸಿಗೆ ಜನ ಹತ್ತಿದ ಹಾಗೆ. ಹಳೆಯ ಸೆಲ್‌ಗಳಲ್ಲಿ ಎಲ್ಲರೂ ಬಾಗಿಲ ಬಳಿಯೇ ನಿಂತುಬಿಡುತ್ತಾರೆ. ಹಿಂದಿನ ಸೀಟುಗಳು ಖಾಲಿಯಿದ್ದರೂ ಒಳಗೆ ಸರಿಯುವ ದಾರಿ ಇಕ್ಕಟ್ಟಾಗಿರುತ್ತದೆ. ಬಸ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಜನ ಮೆಲ್ಲಮೆಲ್ಲಗೆ ಒಳಗೆ ಹರಡಿಕೊಳ್ಳುತ್ತಾರೆ, ಇನ್ನಷ್ಟು ಮಂದಿಗೆ ಜಾಗವಾಗುತ್ತದೆ. ಹಬ್ಬದ ವಿರಾಮ ಮಾಡಿದ್ದು ಇದನ್ನೇ. ಹೊಸ ಶಕ್ತಿಯೇನೂ ಬಂದಿರಲಿಲ್ಲ. ಒಳಗಿನ ಅಸಮತೋಲ ಸ್ವಲ್ಪ ಸರಿಹೋಗಿತ್ತು, ಅಷ್ಟೆ. ಹಾಗಾದರೆ ವಿರಾಮದಿಂದ ಹೆಚ್ಚು ಮೇಲೆದ್ದಿದೆ ಎಂದರೆ ಮೊದಲೇ ಅಸಮತೋಲ ಹೆಚ್ಚಾಗಿತ್ತು ಎಂದರ್ಥ. ಒಂದೇ ತಿಂಗಳಲ್ಲಿ ನಾಲ್ಕು ಪಟ್ಟು.

ಅವಳು ಶುಭಸೂಚನೆ ಎಂದು ಗೆರೆಗೆ ಸೇರಿಸಿದ್ದ ಚುಕ್ಕೆಗಳೇ ಅಪಶಕುನವಾಗಿದ್ದವು. ಮೇಲಾಗಿ, ಕೊನೆಯಲ್ಲಿ ಮೇಲೆದ್ದ ಆ ಚುಕ್ಕೆಗಳು ಗೆರೆಯ ಬಾಲವನ್ನು ಎತ್ತಿ ಹಿಡಿದು, ಹದಿನಾಲ್ಕನ್ನು ಇಪ್ಪತ್ತು ಮಾಡಿದ್ದವು.

"ಏನಾತ್ರಿ?" ಎಂದ ವಿರೂಪಾಕ್ಷ.

"ಏನಿಲ್ಲ. ಆ ವರದಿ ಇವತ್ತು ಕಳಿಸ್ಬೇಡ."

ಮೂರು ದಿನ ಅವಳು ಆ ಅಂಕಿಗಳನ್ನೇ ಕೆದಕಿದಳು. ಹಬ್ಬದ ಚುಕ್ಕೆಗಳನ್ನು ತೆಗೆದುಹಾಕಿ ಗೆರೆ ಎಳೆದು ನೋಡಿದಳು. ಆಗಲೂ ಅದು ಸಭ್ಯವಾಗಿಯೇ ಇಳಿಯುತ್ತಿತ್ತು. ಅದೇ ಅವಳನ್ನು ಹಿಂಡಿದ್ದು. ಬರಲಿರುವ ಕುಸಿತ ಗೆರೆಯಲ್ಲಿ ಕಾಣುವುದೇ ಇಲ್ಲ.

ಸೆಲ್ ಮುದಿಯಾಗುವುದು ಮೊದಮೊದಲು ನಿಧಾನವೇ. ಗ್ರಾಫೈಟಿನ ಮೇಲೆ ತೆಳುವಾದ ಪೊರೆಯೊಂದು ಬೆಳೆಯುತ್ತ ಸ್ವಲ್ಪಸ್ವಲ್ಪ ಲಿಥಿಯಂ ತಿನ್ನುತ್ತದೆ. ಪೊರೆ ದಪ್ಪವಾದಷ್ಟೂ ಅದರ ಬೆಳವಣಿಗೆ ನಿಧಾನವಾಗುವುದರಿಂದ ಗೆರೆ ತಾಳ್ಮೆಯಿಂದ ಇಳಿಯುತ್ತದೆ. ಆದರೆ ಆ ಪೊರೆಯೇ ಗ್ರಾಫೈಟಿನ ಸಣ್ಣ ಸಣ್ಣ ರಂಧ್ರಗಳನ್ನು ತುಂಬುತ್ತ ದಾರಿಯನ್ನು ಕಿರಿದಾಗಿಸುತ್ತಿರುತ್ತದೆ. ಒಂದು ದಿನ ಬಾಗಿಲಲ್ಲಿ ನೂಕುನುಗ್ಗಲು ಎಷ್ಟಾಗುತ್ತದೆಂದರೆ, ಒಳಗೆ ಹೋಗಲಾಗದ ಲಿಥಿಯಂ ಅಲ್ಲೇ ಹೊರಗೆ ಲೋಹವಾಗಿ ಮೆತ್ತಿಕೊಳ್ಳುತ್ತದೆ. ಆ ಲೋಹ ದ್ರಾವಣದೊಡನೆ ಸೇರಿ ಇನ್ನಷ್ಟು ಪೊರೆಯಾಗುತ್ತದೆ. ದಾರಿ ಇನ್ನಷ್ಟು ಕಿರಿದಾಗುತ್ತದೆ. ಇನ್ನಷ್ಟು ಲೋಹ ಮೆತ್ತುತ್ತದೆ. ಅಲ್ಲಿಂದ ಮುಂದೆ ನಷ್ಟವೇ ನಷ್ಟವನ್ನು ಹುಟ್ಟಿಸುತ್ತದೆ. ಮೆಲ್ಲಗೆ ಇಳಿಯುತ್ತಿದ್ದ ಗೆರೆ ಮಡಿಸಿದ ಮೊಣಕಾಲಿನಂತೆ ತಟ್ಟನೆ ಕೆಳಕ್ಕೆ ಬಾಗುತ್ತದೆ.

ಇದನ್ನು ಅವಳು ಓದಿದ್ದಳು. ಆದರೆ ತನ್ನ ಕೊಠಡಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ನೋಡದಿರುವುದಕ್ಕೆ ಕಾರಣವೂ ಅವಳೇ ಮಾಡಿದ ನಿಯಮ. ಯಂತ್ರದಲ್ಲಿ ಸೆಲ್ ಹತ್ತಿಸುವ ಚಾನೆಲ್‌ಗಳು ಕಡಿಮೆ, ಸರದಿಯಲ್ಲಿ ಕಾಯುವ ಸೆಲ್‌ಗಳು ಹೆಚ್ಚು. ಎಂಬತ್ತಕ್ಕೆ ಇಳಿದ ಸೆಲ್‌ನ ಆಯಸ್ಸು ಮುಗಿಯಿತೆಂದು ಎಲ್ಲ ಕಂಪನಿಗಳೂ ಲೆಕ್ಕ ಹಿಡಿಯುವುದರಿಂದ ಇಲ್ಲೂ ಎಂಬತ್ತು ಬಂತೆಂದರೆ ಇಳಿಸು, ಗುಜರಿಗೆ ಕಳಿಸು, ಮುಂದಿನದನ್ನು ಹತ್ತಿಸು. ಮೂರು ವರ್ಷಗಳಲ್ಲಿ ನೂರಾರು ಸೆಲ್‌ಗಳು ಹಾಗೆ ಹೋಗಿದ್ದವು. ಎಲ್ಲವೂ ಒಳ್ಳೆಯ ನಡತೆಯ ಗೆರೆಗಳನ್ನು ಬಿಟ್ಟುಹೋಗಿದ್ದವು. ಎಂಬತ್ತರ ಕೆಳಗೆ ಏನಾಗುತ್ತದೆಂದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜನರ ಕುರ್ಚಿಗಳನ್ನು ಮಾತ್ರ ಎಪ್ಪತ್ತರವರೆಗೆ ಓಡಿಸಬಹುದೆಂದು ಅವಳು ಬರೆಯುವುದರಲ್ಲಿದ್ದಳು.

ಶುಕ್ರವಾರ ಲಿಫ್ಟಿನಲ್ಲಿ ಕೆಳಗಿಳಿದು ಶಿವರಾಮ್ ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸರಿ. ಯಾವಾಗ ಬೀಳತ್ತೆ?"

"ಗೊತ್ತಿಲ್ಲ ಸರ್. ಆದ್ರೆ ಹತ್ತಿರ ಬಂದಿದೆ ಅನ್ಸತ್ತೆ."

"ಅನ್ಸತ್ತೆ." ಅವರು ಆ ಮಾತನ್ನು ತೂಗಿ ನೋಡಿದರು. "ಗ್ರಾಫ್‌ನಲ್ಲಿದ್ಯಾ?"

"ಗ್ರಾಫ್‌ನಲ್ಲಿ ಕಾಣೋ ಹೊತ್ತಿಗೆ ಬಿದ್ದಾಗಿರತ್ತೆ."

"ಸರಳಾ, ನಾನು ಲೇತ್ ಇಟ್ಕೊಂಡಿದ್ದೋನು. ಬೇರಿಂಗ್ ಹೋಗೋಕೆ ಮುಂಚೆ ಸದ್ದು ಮಾಡತ್ತೆ. ನೀನು ಹೇಳ್ತಿರೋದು, ಇದು ಸದ್ದೇ ಮಾಡಲ್ಲ, ಮೇಲಿಂದ ಹಬ್ಬ ಆದ್ಮೇಲೆ ಎರಡು ಪರ್ಸೆಂಟ್ ಜಾಸ್ತಿ ಕೊಡತ್ತೆ, ಅದಕ್ಕೇ ಭಯ ಅಂತ. ಇದನ್ನ ನಾನು ಟ್ರಸ್ಟ್‌ನೋರ್ ಮುಂದೆ ಹೆಂಗಮ್ಮ ಹೇಳ್ಲಿ? ನಗ್ತಾರೆ. ಇಲ್ಲಾ, ಪ್ಯಾಕ್ ಕೆಟ್ಟಿದೆ ಅಂತ ನಾವೇ ಒಪ್ಕೊಂಡ್ವಿ ಅಂತಾರೆ."

"ಸುಮ್ನಿರೋಕಾಗಲ್ಲ ಸರ್."

"ಸುಮ್ನಿರು ಅನ್ಲಿಲ್ಲ. ತೋರ್ಸು ಅಂತಿದೀನಿ. ಒಂದು ಸೆಲ್ ಬಿದ್ದಿದ್ದು ತೋರ್ಸು, ನಾಳೇನೇ ಎಲ್ಲ ವಾಪಸ್ ತರ್ಸ್ತೀನಿ. ಮಾತು ಕೊಟ್ಟೆ."

ಯಂತ್ರದಲ್ಲಿದ್ದ ಸೆಲ್‌ಗಳು ಎಂಬತ್ತು ದಾಟಿ ಕೆಳಗಿಳಿಯಲು ಇನ್ನೂ ತಿಂಗಳುಗಳು ಬೇಕು. ಅದಕ್ಕೂ ಕೆಳಗಿದ್ದವೆಲ್ಲ ಗುಜರಿಗೆ ಹೋಗಿದ್ದವು. ಇಡೀ ಕಾರ್ಖಾನೆಯಲ್ಲಿ ಎಂಬತ್ತರ ಆಸುಪಾಸಿನಲ್ಲಿದ್ದ, ನಿಜವಾದ ರಸ್ತೆಯಲ್ಲಿ ಸವೆದ ಪ್ಯಾಕ್ ಒಂದೇ ಒಂದು. ಶಿವರಾಮ್ ಅದನ್ನು ಹೇಳಲಿಲ್ಲ. ಅವರಿಗೆ ಹೊಳೆದಿತ್ತೋ ಇಲ್ಲವೋ. ಸರಳಾ ಅದರ ಮೇಲೆಯೇ ಕೂತಿದ್ದಳು.

ಶನಿವಾರ, ಭಾನುವಾರ ಅವಳು ನಾಗಸಂದ್ರದ ಕೋಣೆಯಲ್ಲಿ ಅದನ್ನೇ ಯೋಚಿಸಿದಳು. ತನ್ನದನ್ನು ಕೊಡದೆ ಇನ್ನೇನಾದರೂ ಮಾಡಬಹುದೆ? ಬೇರೆ ಯಾರದಾದರೂ ಪ್ಯಾಕ್ ಕೇಳಿ ತರಿಸಬಹುದು. ಯಶವಂತಪುರದ ರಹಮತುಲ್ಲಾ ಅವರದು ವಯಸ್ಸಿನಲ್ಲಿ ಅವಳದರ ನಂತರದ್ದು. ಬಲಗಾಲು ಪೂರ್ತಿ, ಎಡಗಾಲು ಅರ್ಧ ಕಳೆದುಕೊಂಡ ಮನುಷ್ಯ. ಮಾರ್ಕೆಟ್ ಯಾರ್ಡಿನ ಬಳಿ ಬೆಳ್ಳುಳ್ಳಿ, ಹುಣಸೆಹಣ್ಣಿನ ಅಂಗಡಿ. ಮನೆ ತುಮಕೂರು ರಸ್ತೆಯ ಆಚೆ ಬದಿಗೆ. ತಿಂಗಳಿಗೊಮ್ಮೆ ಹೇಗಿದೆ ಎಂದು ಕೇಳಲು ಫೋನ್ ಮಾಡಿದರೆ, "ಫಸ್ಟ್ ಕ್ಲಾಸ್ ಮೇಡಂ! ಸಿಗ್ನಲ್ ಬಿಟ್ಟ ತಕ್ಷಣ ಲಾರಿಗಿಂತ ಮುಂಚೆ ನಾನೇ ದಾಟೋದು," ಎನ್ನುತ್ತಿದ್ದರು. ಅವರ ಪ್ಯಾಕ್ ಕಿತ್ತುಕೊಂಡು ತನ್ನದರ ಮೇಲೆ ತಾನು ಓಡಾಡುವುದು ಹೇಗೆ?

ಗೆರೆಗೆ ಸಹಿ ಹಾಕಿ ಸುಮ್ಮನಿರುವುದೂ ಒಂದು ದಾರಿ. ಹದಿನಾಲ್ಕು ತಿಂಗಳು ಎಂದು ಬರೆದರೆ ಅದು ಸುಳ್ಳೇನಲ್ಲ. ಚುಕ್ಕೆಗಳು ಹೇಳಿದ್ದನ್ನೇ ಬರೆದಂತೆ. ಭಾನುವಾರ ಸಂಜೆ ಅವಳು ಬೀದಿಗೆ ಹೋಗಿ, ಮೆಟ್ರೊ ನಿಲ್ದಾಣದವರೆಗೂ ಸುಮ್ಮನೆ ಒಂದು ಸುತ್ತು ಬಂದಳು. ಹಿಂದೆ ಯಾರೂ ಇರಲಿಲ್ಲ. ತಿರುಗಬೇಕೆಂದಲ್ಲಿ ತಿರುಗಿದಳು. ಒಂದು ಕಡೆ ಏನೂ ಕಾರಣವಿಲ್ಲದೆ ನಿಂತಳು.

ಸೋಮವಾರ ಬೆಳಿಗ್ಗೆ ಕೊಠಡಿಗೆ ಬಂದು, ಕುರ್ಚಿಯನ್ನು ತನ್ನ ಮೇಜಿನ ಹತ್ತಿರ ತಂದು, ಬ್ರೇಕ್ ಹಾಕಿದಳು.

"ವಿರೂಪಾಕ್ಷ, ಬಾ ಇಲ್ಲಿ. ಇದ್ರ ಪ್ಯಾಕ್ ಬಿಚ್ಚಿ ಆರನೇ ಯಂತ್ರಕ್ಕೆ ಹಾಕು. ಚಾರ್ಜ್ ಮಾಡೋದು ನನ್ ಚಾರ್ಜರ್ ಕೊಡೋ ಕರೆಂಟ್‌ನಲ್ಲೇ. ಎಂಬತ್ತಕ್ಕೆ ಅಲ್ಲ, ಯಾವುದಕ್ಕೂ ನಿಲ್ಲಿಸ್ಬೇಡ."

ಅವನು ಸ್ಕ್ರೂಡ್ರೈವರ್ ಹಿಡಿದು ನಿಂತುಬಿಟ್ಟ. "ಮತ್ತ ನೀವು ಮನೀಗೆ ಹ್ಯಾಂಗ ಹೋಗ್ತೀರಿ?"

"ತಮ್ಮನಿಗೆ ಫೋನ್ ಮಾಡಿದೀನಿ."

"ಅಕ್ಕಾರ, ನನ್ ಮಾತ್ ಕೇಳ್ರಿ. ಸುಮ್ಮ ಕೇಳಿದ್ದೆ ನಾ. ಗಣಪ್ಪಂದು ಚೇಷ್ಟಿಗಂದೆ."

ಅವನು ಅವಳನ್ನು ಅಕ್ಕ ಎಂದದ್ದು ಅದೇ ಮೊದಲು. "ಬಿಚ್ಚೋ," ಎಂದಳು.

ಕುರ್ಚಿಯ ಕೆಳಗಿನಿಂದ ಪ್ಯಾಕ್ ಹೊರಬಂದಾಗ ಸೀಟು ಸ್ವಲ್ಪ ಮೇಲೆದ್ದಂತಾಯಿತು. ಆಮೇಲೆ ಅವಳು ಕೂತಲ್ಲಿಯೇ ಕೂತಿದ್ದಳು. ಮಧ್ಯಾಹ್ನ ಒಂದು ಗಂಟೆಗೆ ಫೈಲು ಬೇಕಾಯಿತು. ಕಪಾಟು ನಾಲ್ಕು ಹೆಜ್ಜೆ ಆಚೆ. ವಿರೂಪಾಕ್ಷ ಊಟಕ್ಕೆ ಹೋಗಿದ್ದ. ಅವನು ಬರುವವರೆಗೆ ಆ ಕಪಾಟನ್ನೇ ನೋಡುತ್ತಿದ್ದಳು.

ಸಂಜೆ ಸುಬ್ರಮಣಿ ಕಾರು ತಂದ. ಪ್ಯಾಕಿಲ್ಲದ ಕುರ್ಚಿ ಕೊಠಡಿಯಲ್ಲೇ ಉಳಿಯಿತು. ಅವಳನ್ನು ಎತ್ತಿ ಕೂರಿಸುವಾಗ ಏನೂ ಕುಟುಕಲಿಲ್ಲ. ಹೆಬ್ಬಾಳದ ಕಡೆಗೆ ತಿರುಗಿದ ಮೇಲೆ ಮಾತ್ರ ಹೇಳಿದ: "ನಾಗಸಂದ್ರದ ರೂಮು ಬಿಟ್ಬಿಡೋಣ. ಮತ್ತೆ ಬ್ಯಾಟರಿ ಬಂದಾಗ ನೋಡ್ಕೊಂಡ್ರಾಯ್ತು."

"ಬೇಡ. ಇರ್ಲಿ."

"ಖಾಲಿ ರೂಮಿಗೆ ಬಾಡಿಗೆ ಯಾಕೆ ಕಟ್ತೀಯಾ? ನಿಂಗೆ ಹಠ ಅಕ್ಕ. ನೀನಾಗೇ ಕೊಟ್ಟಿದ್ದು ತಾನೆ? ಯಾರೂ ಕೇಳಿರ್ಲಿಲ್ಲ."

ಅದು ನಿಜವಾಗಿತ್ತು.

ಸಂಜಯನಗರದ ಮನೆ ಅವರ ಅಜ್ಜನ ಕಾಲದ್ದು. ಊರು ಊರಾಗಿದ್ದಾಗ ಕಟ್ಟಿದ ಮನೆ. ಬಾಗಿಲಿಗೆ ಮೂರು ಮೆಟ್ಟಿಲು, ಒಳಗೆ ಪ್ರತಿ ಕೋಣೆಗೂ ಎತ್ತರದ ಹೊಸ್ತಿಲು. ಕೈಯಿಂದ ತಳ್ಳುವ ಹಳೆಯ ಕುರ್ಚಿಯನ್ನು ಅಮ್ಮ ಅಂಜನಮ್ಮ ಒರೆಸಿ ಇಟ್ಟಿದ್ದರು. "ನಾನಿರ್ತೀನಲ್ಲ ಕಣೆ," ಎಂದರು. ಅರವತ್ತೆಂಟರ ಆಕೆ ಹೊಸ್ತಿಲು ದಾಟಿಸುವಾಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಏದುಸಿರು ಬಿಡುತ್ತಿದ್ದರು. ಅದನ್ನು ಕೇಳಲಾರದೆ ಸರಳಾ ಕೋಣೆಯಿಂದ ಹೊರಬರುವುದನ್ನೇ ಕಡಿಮೆ ಮಾಡಿದಳು. ಸುಬ್ರಮಣಿಗೆ ಬಿಡುವಿದ್ದ ದಿನ ಕಾರ್ಖಾನೆಗೆ. ಇಲ್ಲದ ದಿನ ಮನೆಯಲ್ಲೇ, ಲ್ಯಾಪ್‌ಟಾಪಿನ ಮುಂದೆ. ಕಿಟಕಿಯಾಚೆ ಪಕ್ಕದ ಮನೆಯ ಗೋಡೆ, ಅದರ ಮೇಲೆ ನೀರಿನ ಪೈಪು. ಯಂತ್ರದ ಅಂಕಿಗಳು ಮನೆಗೂ ಬರುವಂತೆ ವಿರೂಪಾಕ್ಷ ಮಾಡಿಕೊಟ್ಟಿದ್ದ. ದಿನಕ್ಕೆ ನಾಲ್ಕೈದು ಚುಕ್ಕೆಗಳು ಸೇರುತ್ತಿದ್ದವು.

ಹಬ್ಬದ ಉಬ್ಬು ಮೊದಲ ವಾರದಲ್ಲೇ ಕರಗಿತು. ಮತ್ತೆ ಎಪ್ಪತ್ತೊಂಬತ್ತು. ಆಮೇಲೆ ಎಪ್ಪತ್ತೆಂಟೂವರೆ. ಎಪ್ಪತ್ತೆಂಟು. ನವೆಂಬರ್ ಅರ್ಧ ಕಳೆದರೂ ಗೆರೆ ಮೊದಲಿನಂತೆಯೇ ಸಭ್ಯವಾಗಿ ಇಳಿಯುತ್ತಿತ್ತು.

ದಿನಕ್ಕೊಂದು ಬಗೆಯಲ್ಲಿ ಅವಳು ಅದನ್ನು ನೋಡಿದಳು. ಬೀಳಲಿ ಎಂದುಕೊಂಡ ದಿನ, ಬಿದ್ದರೆ ಈ ಕೋಣೆಯಿಂದ ಬೇಸಿಗೆಯವರೆಗೂ ಬಿಡುಗಡೆಯಿಲ್ಲ ಎಂಬುದು ನೆನಪಾಗುತ್ತಿತ್ತು. ಬೀಳದಿರಲಿ ಎಂದುಕೊಂಡ ದಿನ, ಹಾಗಾದರೆ ತಾನು ಸುಮ್ಮಸುಮ್ಮನೆ ಇಲ್ಲಿ ಬಂದು ಕೂತೆನಲ್ಲ ಎನಿಸುತ್ತಿತ್ತು. ಎರಡೂ ಕಡೆ ಗೋಡೆ.

ಶಿವರಾಮ್ ಫೋನ್ ಮಾಡಿದರು. "ಏನಂತೆ ನಿನ್ ಮೊಣಕಾಲು?"

"ಇನ್ನೂ ನೆಟ್ಟಗಿದೆ ಸರ್."

"ಡಿಸೆಂಬರ್ ಹತ್ತಕ್ಕೆ ಸಭೆ. ಅಷ್ಟರೊಳಗೆ ಬೀಳದಿದ್ರೆ ಹದಿನಾಲ್ಕು ತಿಂಗಳು ಅಂತ ಬರ್ದು ಕೊಡ್ತೀಯಲ್ಲ? ನಿನ್ ಪ್ಯಾಕೂ ನಿನಗೆ ವಾಪಸ್. ಬೇಜಾರ್ ಮಾಡ್ಕೋಬೇಡಮ್ಮ, ನಾನೂ ಎಷ್ಟು ಅಂತ ಕಾಯ್ಲಿ?"

"ಆಯ್ತು ಸರ್," ಎಂದಳು. ಆ ಒಪ್ಪಿಗೆಯಲ್ಲಿ ಎಷ್ಟು ಸಮಾಧಾನವಿತ್ತೆಂದರೆ ಅವಳಿಗೇ ಹೆದರಿಕೆಯಾಯಿತು.

ಡಿಸೆಂಬರಿನ ಮೊದಲ ವಾರ ಚಳಿ ಬಿತ್ತು. ಮಂಗಳವಾರ ಪ್ಯಾಕ್ ಎಪ್ಪತ್ತಾರರಲ್ಲಿತ್ತು. ಬುಧವಾರ ಎಪ್ಪತ್ತೈದು. ಒಂದೇ ದಿನಕ್ಕೆ ಒಂದು ಎಂದು ಅವಳು ಗುರುತು ಹಾಕಿಕೊಂಡಳು. ಇಂಥದ್ದು ಅಳತೆಯ ತಪ್ಪಿನಿಂದಲೂ ಆಗಬಹುದು. ಗುರುವಾರ ಎಪ್ಪತ್ತಮೂರು. ಶುಕ್ರವಾರ ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಲ್ಯಾಪ್‌ಟಾಪ್ ತೆರೆದಾಗ ಅರವತ್ತೇಳು. ಅಷ್ಟರಲ್ಲಿ ವಿರೂಪಾಕ್ಷನ ಫೋನ್ ಬಂತು.

"ಅಕ್ಕಾರ, ನೋಡಾಕತ್ತೀರೇನ್ರಿ? ಒಂದ್ ಸುತ್ತಿಗಿಂತ ಇನ್ನೊಂದ್ ಸುತ್ತು ಜೋರ್ ಇಳ್ಯಾಕತ್ತೈತಿ. ಏನ್ ಮಾಡ್ಲಿ?"

"ನಾಳೆ ಬೆಳಿಗ್ಗೆವರೆಗೆ ಬಿಡು. ಒಂದು ಗೆರೆ ಅಂತ ಕಾಣೋಷ್ಟು ಚುಕ್ಕೆ ಬೇಕು. ಬಿಸಿ ಆಗ್ತಿದ್ಯಾ ನೋಡ್ತಾ ಇರು. ಸ್ವಲ್ಪ ಹೆಚ್ಚಾದ್ರೂ ನಿಲ್ಲಿಸ್ಬಿಡು."

ಶನಿವಾರ ಸುಬ್ರಮಣಿ ಅವಳನ್ನು ಮಾಕಳಿಗೆ ಬಿಟ್ಟು, ಸಂಜೆ ಐದಕ್ಕೆ ಬರುತ್ತೇನೆಂದು ಹೋದ. ಪ್ಯಾಕ್ ಐವತ್ತೆರಡಕ್ಕೆ ಬಂದಿತ್ತು. ವಿರೂಪಾಕ್ಷ ಅದನ್ನು ಪೂರ್ತಿ ಬರಿದು ಮಾಡಿ, ಯಂತ್ರದಿಂದ ಕಳಚಿ, ಹಿತ್ತಲಿನ ಮರಳಿನ ಡಬ್ಬದಲ್ಲಿ ಇಟ್ಟುಬಂದ. ಒಳಗೆ ಲೋಹ ಮೆತ್ತಿಕೊಂಡ ಸೆಲ್‌ಗೆ ಮತ್ತೆ ಚಾರ್ಜ್ ಕೊಡುವುದು ಬೆಂಕಿಯ ಜೊತೆ ಸರಸ.

ಕುರ್ಚಿಯಲ್ಲಿದ್ದಾಗಿನ ಅಂಕಿಗಳೂ ಸೇರಿ ಪರದೆಯ ಮೇಲೆ ಒಂದೂವರೆ ವರ್ಷದ ಇಳಿಜಾರು, ಅದರ ತುದಿಯಲ್ಲಿ ನಾಲ್ಕು ದಿನದ ಪ್ರಪಾತ. ಶಿವರಾಮ್ ಬಂದು ಅದರ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ ಬೆರಳಿನಿಂದ ಆ ಬಾಗಿದ ಜಾಗವನ್ನು ಮುಟ್ಟಿದರು.

"ಇಲ್ಲೀವರೆಗೂ ಏನೂ ಗೊತ್ತಾಗ್ತಿರ್ಲಿಲ್ಲ, ಅಲ್ವಾ?"

"ಇಲ್ಲ ಸರ್."

"ರೋಡಲ್ಲಿ ನಿಂಗೆ ಹಿಂಗಾಗಿದ್ರೆ?"

"ಗಾಡಿ ಎಳೆಯೋಕೆ ಜೋರಾಗಿ ಕರೆಂಟ್ ಕೇಳಿದಾಗ ವೋಲ್ಟೇಜ್ ಕುಸಿಯತ್ತೆ. ಪ್ಯಾಕ್ ತನ್ನನ್ನ ತಾನೇ ಆಫ್ ಮಾಡ್ಕೊಳ್ಳತ್ತೆ. ಎಲ್ಲಿದ್ವೋ ಅಲ್ಲಿ."

ಅವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಲ್ಲಿಂದಲೇ ಟ್ರಸ್ಟ್‌ಗೆ ಫೋನ್ ಮಾಡಿ, ಅರ್ಧ ಗಂಟೆ ಬೈಸಿಕೊಂಡು, ಎಲ್ಲ ಪ್ಯಾಕ್‌ಗಳನ್ನೂ ವಾಪಸ್ ತರಿಸುವುದೆಂದು ಒಪ್ಪಿಸಿದರು. ಆಮೇಲೆ ಹಣೆ ಒರೆಸಿಕೊಂಡು, "ಜನಕ್ಕೆ ಯಾರು ಹೇಳ್ತಾರೆ?" ಎಂದರು.

"ನಾನೇ ಹೇಳ್ತೀನಿ."

ಹಳೆಯ ಪ್ಯಾಕ್‌ಗಳಿಂದ ಶುರುಮಾಡಿದಳು. ಇವತ್ತಿನಿಂದ ಚಾರ್ಜ್ ಹಾಕಬೇಡಿ, ಹೊರಗೆ ಹೋಗಬೇಡಿ, ನಮ್ಮವರು ಬಂದು ತೆಗೆದುಕೊಂಡು ಹೋಗುತ್ತಾರೆ. ಹಾಗೆ ಹೇಳುವಾಗ ಅವಳ ಸ್ವರ ಅವಳಿಗೇ ಆಸ್ಪತ್ರೆಯ ಸ್ವರದಂತೆ ಕೇಳಿಸಿತು. ಮೊದಲ ಫೋನ್ ರಹಮತುಲ್ಲಾ ಅವರಿಗೆ. ಹಿನ್ನೆಲೆಯಲ್ಲಿ ಲಾರಿಗಳ ಹಾರ್ನ್.

"ಏನ್ ಮೇಡಂ, ಈ ತಿಂಗ್ಳು ಫೋನೇ ಇಲ್ಲ? ಗಾಡಿ ಫಸ್ಟ್ ಕ್ಲಾಸಿದೆ ಕಣ್ರೀ."

ಅವಳು ಹೇಳಿದಳು.

"ವಾಪಸ್ ಅಂದ್ರೆ? ಬೇರೆ ಕೊಡ್ತೀರಾ?"

"ಬೇಸಿಗೆಗೆ ಕೊಡ್ತೀವಿ."

"ಬೇಸಿಗೆ! ಅಲ್ಲೀಗಂಟ ನಾನೇನ್ ಮಾಡ್ಲಿ? ಚೆನ್ನಾಗಿ ಓಡ್ತಿರೋದ್ನ ಕಿತ್ಕೊಂಡ್ ಹೋಗೋಕೆ ಯಾವ ನ್ಯಾಯ ಇದು? ನಿಮ್ಗೇನ್ ಮೇಡಂ, ಕೂತ್ಕಂಡು ಫೋನ್ ಮಾಡ್ತೀರ. ಕಾಲಿಲ್ದೋನ್ ಕಷ್ಟ ಗೊತ್ತಾ ನಿಮ್ಗೆ?"

"ಈಗೆಲ್ಲಿದೀರಿ?" ಎಂದು ಕೇಳಿದಳು.

"ಅಂಗ್ಡಿ ಮುಚ್ಚಿ ಊಟಕ್ಕೆ ಹೊರಟಿದೀನಿ. ಸಿಗ್ನಲ್ ಹತ್ರ ಇದೀನಿ. ಮನೆ ಆ ಕಡೆ."

"ಬ್ಯಾಟರಿ ದೀಪ ಎಷ್ಟು ತೋರಿಸ್ತಿದೆ?"

"ನಾಲ್ಕಕ್ಕೆ ಮೂರು. ನೋಡಿ, ನಾನ್ ಹೇಳ್ಲಿಲ್ವಾ? ಮೂರು ದೀಪ ಇದೆ!"

ಆ ದೀಪಗಳಿಗೆ ಗೊತ್ತಾಗುವುದು ನಿಂತಿರುವಾಗಿನ ವೋಲ್ಟೇಜ್ ಮಾತ್ರ ಎಂದು ಅವಳಿಗೆ ಗೊತ್ತಿತ್ತು. ಇವತ್ತು ಅವರು ದಾಟಿಬಿಡಬಹುದು. ಬಹುಶಃ ದಾಟಿಯೇಬಿಡುತ್ತಾರೆ. ನಾಳೆಯೂ. ಅವರ ಗೆರೆ ಎಲ್ಲಿ ಬಾಗುತ್ತದೆಂದು ಹೇಳಲು ಅವಳ ಹತ್ತಿರ ಒಂದು ಚುಕ್ಕೆಯೂ ಇರಲಿಲ್ಲ.

"ದಾಟಬೇಡಿ," ಎಂದಳು.

"ಏನು?"

"ರಸ್ತೆ ದಾಟಬೇಡಿ ರಹಮತುಲ್ಲಾ ಅವರೇ. ಗಾಡಿನ ಫುಟ್‌ಪಾತ್ ಕಡೆ ತಿರುಗಿಸಿ. ವಿರೂಪಾಕ್ಷ ಅಂತ ನಮ್ಮ ಹುಡುಗ, ಈಗಲೇ ಟೆಂಪೋದಲ್ಲಿ ಹೊರಡ್ತಾನೆ. ಮನೆವರೆಗೂ ಅವನೇ ಬಿಡ್ತಾನೆ."

ವಿರೂಪಾಕ್ಷ ಆಗಲೇ ಕೀ ತೆಗೆದುಕೊಂಡು ಮೆಟ್ಟಿಲಿಳಿಯುತ್ತಿದ್ದ. ಶಿವರಾಮ್ ಕೆಳಗಿದ್ದರು. ಕೊಠಡಿಯಲ್ಲಿ ಯಂತ್ರಗಳ ಫ್ಯಾನ್‌ಗಳು ಗುಂಯ್ಗುಡುತ್ತಿದ್ದವು. ಅವಳ ಕುರ್ಚಿಯ ಕೆಳಗೆ ಪ್ಯಾಕ್ ಇರಬೇಕಾದ ಜಾಗದಲ್ಲಿ ಎರಡು ವೈರುಗಳು ಟೇಪು ಸುತ್ತಿಕೊಂಡು ನೇತಾಡುತ್ತಿದ್ದವು. ಸುಬ್ರಮಣಿ ಬರಲು ಇನ್ನೂ ನಾಲ್ಕು ಗಂಟೆ ಇತ್ತು.

"ಅಂದ್ರೆ ಅಷ್ಟೊತ್ತೂ ಇಲ್ಲೇ ಬಿಸಿಲಲ್ಲಿ ಕೂತಿರ್ಲಾ?" ರಹಮತುಲ್ಲಾ ಅವರ ಸ್ವರದಲ್ಲಿ ಸಿಟ್ಟಿಗಿಂತ ಅಳುಕು ಹೆಚ್ಚಾಗಿತ್ತು. "ಮನೆ ಎದುರಿಗೇ ಕಾಣ್ತಿದೆ ಮೇಡಂ."

"ಹೂಂ, ಕೂತಿರಿ. ಫೋನ್ ಇಡಬೇಡಿ. ಅವನು ಬರೋವರೆಗೂ ನಾನೂ ಇಲ್ಲೇ ಕೂತಿರ್ತೀನಿ."